ಗುನುಗಿದ ಹಾಡಿನ ಗುರುತು

ಮಕ್ಕಳೇ, ಹಾಡಿನ ಪದಗಳು ಮರೆತುಹೋದರೂ ಧಾಟಿ ನೆನಪಿನಲ್ಲಿ ಉಳಿಯುತ್ತದೆ. ಧಾರವಾಡದ ಅಜ್ಜಿಯೊಬ್ಬರು ಅಂಥ ಹಾಡನ್ನು ಗುನುಗುತ್ತಾರೆ ಎನ್ನಿ. ಒಂದು ಪದವೂ ಗೊತ್ತಿಲ್ಲದೆ ಅದನ್ನು ಅಂತರಜಾಲದಲ್ಲಿ ಹುಡುಕುವುದು ಹೇಗೆ? ಮೊಬೈಲಿನ ಟ್ಯೂನರ್ ಆ್ಯಪ್ ಇದಕ್ಕೆ ನೆರವಾಗುತ್ತದೆ.

ತಂಬೂರಿ, ಗಿಟಾರುಗಳ ತಂತಿಯನ್ನು ಶ್ರುತಿ ಮಾಡಲು ಟ್ಯೂನರ್ ಬಳಸುತ್ತಾರೆ. ಧ್ವನಿ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂದು ಅಳೆದು, ಹತ್ತಿರದ ಸ್ವರದ ಹೆಸರನ್ನು ಅದು ತೋರಿಸುತ್ತದೆ. ಹೆಸರುಗಳು ಹನ್ನೆರಡು: C, C#, D, D#, E, F, F#, G, G#, A, A#, B. ಆಮೇಲೆ ಮತ್ತೆ C. ಒಂದರಿಂದ ಮುಂದಿನದಕ್ಕೆ ಒಂದು ಮೆಟ್ಟಿಲು.

ಅಜ್ಜಿ ನಿಧಾನವಾಗಿ ಗುನುಗಲಿ. ಧ್ವನಿ ಜಾರುವಾಗ ಮುಳ್ಳು ಓಡಾಡುತ್ತದೆ. ಅದು ನಿಂತಾಗ ಮಾತ್ರ ಹೆಸರು ಬರೆದುಕೊಳ್ಳಿ. C#, D#, F, G#, A# ಬಂದವು. ಧಾಟಿ ಪ್ರತಿಸಲವೂ C#ಗೆ ಮರಳಿ ನೆಮ್ಮದಿಯಾಗಿ ನಿಂತಿತು ಎಂದುಕೊಳ್ಳೋಣ. ಆ C# ಇಲ್ಲಿ ಷಡ್ಜ, ಅಂದರೆ ‘ಸ’. ಅಲ್ಲಿಂದ ಎಣಿಸಿದರೆ ಉಳಿದವು 2, 4, 7, 9ನೆಯ ಮೆಟ್ಟಿಲುಗಳು: ರಿ, ಗ, ಪ, ದ. ಇವು ಭೂಪಾಲಿ ರಾಗದ ಸ್ವರಗಳು. ಕರ್ನಾಟಕ ಸಂಗೀತದಲ್ಲಿ ಇವೇ ಸ್ವರಗಳ ರಾಗಕ್ಕೆ ಮೋಹನ ಎಂದು ಹೆಸರು.

C# ಎಂಬ ಹೆಸರನ್ನೇ ಏಕೆ ಹುಡುಕಬಾರದು? ಏಕೆಂದರೆ ಷಡ್ಜ ಹಾಡುವವರ ಕಂಠಕ್ಕೆ ತಕ್ಕಂತೆ ಬದಲಾಗುತ್ತದೆ. ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಗಂಗೂಬಾಯಿ ಹಾನಗಲ್ (1913–2009) ಅವರ ಮೊದಲ ಧ್ವನಿಮುದ್ರಿಕೆಗಳಲ್ಲಿ ಕಂಠ ತೆಳುವಾಗಿ, ಎತ್ತರವಾಗಿದೆ. ಗಂಟಲಿನ ಚಿಕಿತ್ಸೆಯ ನಂತರ ಅದು ಗಡುಸಾಗಿ ಕೆಳಗಿಳಿಯಿತು. ಶ್ರುತಿ ಇಳಿದರೂ ರಾಗದ ಮೆಟ್ಟಿಲುಗಳು ಬದಲಾಗುವುದಿಲ್ಲ. ಅಜ್ಜಿಯ ಹಾಡನ್ನೇ ನೀವು A ಇಂದ ಗುನುಗಿದರೆ A, B, C#, E, F# ಬರುತ್ತವೆ. ಎಣಿಸಿ ನೋಡಿ, ಮತ್ತೆ 2, 4, 7, 9!

ಷಡ್ಜವನ್ನು ತಪ್ಪಾಗಿ ಗುರುತಿಸಿದರೆ ಎಲ್ಲವೂ ತಪ್ಪುತ್ತದೆ. ಅದೇ ಐದು ಸ್ವರಗಳಲ್ಲಿ A# ಅನ್ನು ‘ಸ’ ಎಂದುಕೊಂಡರೆ ಮೆಟ್ಟಿಲುಗಳು 3, 5, 7, 10 ಆಗುತ್ತವೆ. ಅದು ಧಾನಿ ಎಂಬ ಬೇರೆ ರಾಗ. ಕೊನೆಯಲ್ಲಿ ಅಜ್ಜಿಯಿಂದ ‘ಸ’ವನ್ನು ಇನ್ನೊಮ್ಮೆ ಹಾಡಿಸಿ. ಆಗ ಬೇರೆ ಹೆಸರು ಬಂದರೆ ನಡುವೆ ಶ್ರುತಿ ಸರಿದಿದೆ, ಮತ್ತೆ ಅಳೆಯಿರಿ.

ಇನ್ನೊಂದು ಸುಳಿವು ಲಯ. ಅಜ್ಜಿ ಗುನುಗುವಾಗ ಚಪ್ಪಾಳೆ ತಟ್ಟಿ. 15 ಸೆಕೆಂಡಿಗೆ 20 ಚಪ್ಪಾಳೆಯಾದರೆ ನಿಮಿಷಕ್ಕೆ 80. ಅದೇ ಹಾಡಿಗೆ ಇನ್ನೊಬ್ಬರು 40 ಅಥವಾ 160 ಎಣಿಸಬಹುದು. ಆದ್ದರಿಂದ ಮೂರನ್ನೂ ಬರೆದಿಡಿ. ನೆನಪಿನಿಂದ ಗುನುಗುವವರು ಮೂಲಕ್ಕಿಂತ ನಿಧಾನವಾಗಿಯೂ ಹಾಡಬಹುದು.

ಈಗ ‘ಭೂಪಾಲಿ ರಾಗದ ಹಾಡುಗಳು’, ‘ಮೋಹನ ರಾಗದ ಹಾಡುಗಳು’ ಎಂದು ಹುಡುಕಿ. ಸಿಕ್ಕ ಪಟ್ಟಿಯಲ್ಲಿ ಲಯ ತೀರ ದೂರವಿರುವುದನ್ನು ಬಿಟ್ಟು, ಉಳಿದವನ್ನು ಒಂದೊಂದಾಗಿ ಅಜ್ಜಿಗೆ ಕೇಳಿಸಿ. ದೇಶಕಾರ ರಾಗಕ್ಕೂ ಇವೇ ಐದು ಸ್ವರಗಳಿರುವುದರಿಂದ ಅದನ್ನೂ ಒಮ್ಮೆ ಹುಡುಕಿ. ಇವೆರಡರ ವ್ಯತ್ಯಾಸ ಇರುವುದು ಯಾವ ಸ್ವರಕ್ಕೆ ಹೆಚ್ಚು ಒತ್ತು ಎಂಬುದರಲ್ಲಿ. ಅದನ್ನು ಟ್ಯೂನರ್ ಹೇಳಲಾರದು. ಹಾಡು ಬಲ್ಲ ಕಿವಿಯೇ ಹೇಳಬೇಕು.