ಪದೇ ಪದೇ ತಪ್ಪಾಗುವ ವಿದ್ಯುತ್ ಬಿಲ್: ಉದ್ಯಮದ ದೂರು ಪತ್ರ ಹೇಗಿರಬೇಕು

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಭಾಗದ ಮಂಜುಗಡ್ಡೆ ಘಟಕ, ಗೇರುಬೀಜ ಕಾರ್ಖಾನೆಗಳಿಗೆ ವಿದ್ಯುತ್ ಪೂರೈಸುವುದು ಮೆಸ್ಕಾಂ. ಬಿಲ್ ತಪ್ಪಾಗಿದೆ ಎಂದು ಕಂಡಾಗ ಮಾಲೀಕರು ಸಾಮಾನ್ಯವಾಗಿ ಮೊತ್ತ ಹೆಚ್ಚಾಯಿತೆಂದಷ್ಟೇ ಬರೆಯುತ್ತಾರೆ. ಆದರೆ ತಿಂಗಳು ತಿಂಗಳೂ ಮರುಕಳಿಸುವ ತಪ್ಪಿಗೆ ಬಹುಮಟ್ಟಿಗೆ ಒಂದೇ ಮೂಲವಿರುವುದರಿಂದ, ಆ ಮೂಲವನ್ನು ತೋರಿಸದ ದೂರಿನಿಂದ ಒಂದು ಬಿಲ್ ತಿದ್ದುಪಡಿಯಾದರೂ ಮುಂದಿನದು ಮತ್ತೆ ತಪ್ಪಾಗಿಯೇ ಬರಬಹುದು.

ಉದಾಹರಣೆಗೆ, ಬಂದರಿನ ಬಳಿಯ ಮಂಜುಗಡ್ಡೆ ಘಟಕವೊಂದನ್ನು ಊಹಿಸಿಕೊಳ್ಳಬಹುದು. ಹೆಚ್ಚಿನ ಹೊರೆಯ ಸಂಪರ್ಕದಲ್ಲಿ ಮೀಟರಿಗೆ ವಿದ್ಯುತ್ ಪ್ರವಾಹದ ಒಂದು ನಿಗದಿತ ಅಂಶವನ್ನಷ್ಟೇ ಕಳಿಸುವ ಉಪಕರಣ, ಅಂದರೆ ಸಿ.ಟಿ. ಇರುತ್ತದೆ, ಆದ್ದರಿಂದ ಮೀಟರಿನ ಅಂಕಿಯನ್ನು ಗುಣಕವೊಂದರಿಂದ ಗುಣಿಸಿದ ಮೇಲೆಯೇ ನಿಜವಾದ ಯೂನಿಟ್ ದೊರೆಯುತ್ತದೆ. ಮೀಟರ್ ಮತ್ತು ಸಿ.ಟಿ. ಬದಲಾದ ಬಳಿಕ ಗುಣಕ 10 ಆಗಬೇಕಿದ್ದಲ್ಲಿ ಹಳೆಯ 20 ಅನ್ನೇ ಬಳಸಿದರೆ, ಮಾರ್ಚ್, ಏಪ್ರಿಲ್, ಮೇ ತಿಂಗಳುಗಳ ಓದಿನ ಅಂತರ ಕ್ರಮವಾಗಿ 430, 450, 420 ಇರುವಾಗ 13,000 ಯೂನಿಟ್‌ಗೆ ಬದಲಾಗಿ 26,000 ಯೂನಿಟ್‌ಗೆ ಬಿಲ್ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಮಂಜುಗಡ್ಡೆಯ ಬೇಡಿಕೆ ಕುಸಿಯುವುದರಿಂದ ಹಿಂದಿನ ತಿಂಗಳೊಂದಿಗಿನ ಹೋಲಿಕೆ ದಾರಿ ತಪ್ಪಿಸುತ್ತದೆ. ಹಿಂದಿನ ವರ್ಷದ ಅದೇ ತಿಂಗಳೊಂದಿಗೆ ಹೋಲಿಸುವುದು ಸರಿ.

ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರರಿಗೆ ಬರೆಯುವ ಪತ್ರದಲ್ಲಿ ಸಂಪರ್ಕದ ಗುರುತಾದ ಆರ್.ಆರ್. ಸಂಖ್ಯೆ, ಮೂರೂ ಬಿಲ್‌ಗಳ ಸಂಖ್ಯೆ, ದಿನಾಂಕ, ಹಿಂದಿನ ಮತ್ತು ಈಗಿನ ಓದು, ಬಳಸಿದ ಗುಣಕ ಹಾಗೂ ಸರಿಯಾದ ಗುಣಕವನ್ನು ಒಂದೇ ಕೋಷ್ಟಕದಲ್ಲಿ ಕೊಟ್ಟು, ಮೀಟರ್ ಬದಲಾವಣೆಯ ವರದಿಯ ಪ್ರತಿಯನ್ನು ಲಗತ್ತಿಸಬೇಕು. ಕೋರಿಕೆಗಳು ಎರಡಿರಬೇಕು: ಹಳೆಯ ಬಿಲ್‌ಗಳ ಪರಿಷ್ಕರಣೆ ಮತ್ತು ದಾಖಲೆಯಲ್ಲಿನ ಗುಣಕದ ತಿದ್ದುಪಡಿ. ಎರಡನೆಯದನ್ನು ಬಿಟ್ಟವರೇ ಮತ್ತೆ ಕಚೇರಿಗೆ ಅಲೆಯಬೇಕಾಗುತ್ತದೆ. ಪತ್ರದ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಪಡೆಯುವುದು ಅಗತ್ಯ.

ಪತ್ರದಲ್ಲಿ ಹೇಳುವ ಗಡುವು ತಾನಾಗಿಯೇ ಕಂಪನಿಯನ್ನು ಕಾನೂನಿನಂತೆ ಬಂಧಿಸುವುದಿಲ್ಲವಾದ್ದರಿಂದ ಅದನ್ನು ಪಾವತಿಯ ಕೊನೆಯ ದಿನಕ್ಕಿಂತ ಮೊದಲೇ ಇಡುವುದು ವಿವೇಕ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನ ಪ್ರಕಾರ, ಬಾಕಿಗಾಗಿ ಸಂಪರ್ಕ ಕಡಿತಗೊಳಿಸಲು ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಬೇಕು. ವಿವಾದವಿರುವಾಗ ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳಲ್ಲಿ ಪಾವತಿಸಿದ ಶುಲ್ಕದ ಸರಾಸರಿಯ ಆಧಾರದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ಆಕ್ಷೇಪಣೆಯೊಂದಿಗೆ ಠೇವಣಿಯಿಟ್ಟರೆ ವಿವಾದ ಇತ್ಯರ್ಥವಾಗುವವರೆಗೆ ಕಡಿತಗೊಳಿಸುವಂತಿಲ್ಲ. ತಪ್ಪು ಬಿಲ್‌ಗಳನ್ನು ಮೌನವಾಗಿ ಕಟ್ಟುತ್ತಾ ಹೋದಂತೆ ಆ ಸರಾಸರಿಯೂ ಏರುವುದರಿಂದ ವಿಳಂಬವೇ ಇಲ್ಲಿ ದೊಡ್ಡ ನಷ್ಟ.

ಗಡುವಿನೊಳಗೆ ಪರಿಹಾರ ಸಿಗದಿದ್ದರೆ ಅದೇ ಕಾಯ್ದೆಯ 42ನೇ ಕಲಮಿನಡಿ ರಚಿತವಾದ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೂ, ಬಳಿಕ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನೇಮಿಸಿದ ಒಂಬುಡ್ಸ್‌ಮನ್‌ಗೂ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶದ ಸೇವೆಯನ್ನು ಹೊರಗಿಡುವುದರಿಂದ, ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ನಡೆಸುವ ಸಣ್ಣ ಘಟಕಗಳ ಹೊರತು ಉಳಿದವರಿಗೆ ಗ್ರಾಹಕರ ಆಯೋಗದ ಬಾಗಿಲು ತೆರೆಯುವುದು ಕಷ್ಟ.