ಬಾರದ ಇಂಟರ್ನೆಟ್‌ಗೆ ಬಂದ ಬಿಲ್ಲು

ಶಿವಮೊಗ್ಗದ ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಬರಲೇ ಇಲ್ಲ. ಬಿಲ್ಲು ಬಂತು. ತಿಂಗಳ ಬಾಡಿಗೆ 699 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ, ಒಟ್ಟು 824 ರೂಪಾಯಿ 82 ಪೈಸೆ. ಮೊತ್ತ ದೊಡ್ಡದಲ್ಲ, ಕಟ್ಟಿ ಕೈತೊಳೆದುಕೊಳ್ಳೋಣ ಎಂದು ಮನೆಯಲ್ಲಿ ಒಬ್ಬರು ಹೇಳಿದರು. ಆದರೆ ಕಟ್ಟಿದರೆ ಸಂಪರ್ಕ ನಡೆಯುತ್ತಿದೆ ಎಂದು ನಾವೇ ಒಪ್ಪಿದ ಹಾಗೆ. ಮುಂದಿನ ತಿಂಗಳು ಮತ್ತೆ ಅಷ್ಟೇ ಬರುತ್ತದೆ, ಆಗ ವಾದಿಸಲು ಏನೂ ಉಳಿದಿರುವುದಿಲ್ಲ.

ನಡೆದದ್ದು ಇಷ್ಟು. ಸಂಪರ್ಕ ಕೊಡಲು ಕಂಪನಿಯ ಗುತ್ತಿಗೆದಾರರ ಕಡೆಯ ಹುಡುಗ ಬಂದ. ಮೋಡೆಮ್ ಡಬ್ಬಿ ಒಳಗಿಟ್ಟು, ರಸ್ತೆಯ ಕರೆಂಟ್ ಕಂಬಕ್ಕೆ ಏಣಿ ಹಾಕಿ, ಅಲ್ಲಿದ್ದ ಕಪ್ಪು ಪೆಟ್ಟಿಗೆ ತೆರೆದು ನೋಡಿದ. ಆ ಪೆಟ್ಟಿಗೆಯಿಂದಲೇ ಮನೆಮನೆಗೆ ತೆಳ್ಳನೆಯ ಫೈಬರ್ ವೈರು ಹೋಗುತ್ತದೆ. "ಮೇಡಂ, ಬಾಕ್ಸ್ ಫುಲ್ ಆಗಿದೆ, ಒಂದೂ ಪೋರ್ಟ್ ಖಾಲಿ ಇಲ್ಲ. ಹೊಸ ಬಾಕ್ಸ್ ಹಾಕಿದ ಮೇಲೆ ಬರ್ತೀನಿ" ಎಂದು ಹೇಳಿ ಹೋದ. ಮೋಡೆಮ್ ಅಲ್ಲೇ ಉಳಿಯಿತು. ಅವನು ಮತ್ತೆ ಬರಲಿಲ್ಲ. ಆದರೆ ಅದೇ ಸಂಜೆ ಫೋನಿಗೆ ಸಂದೇಶ ಬಂತು: ನಿಮ್ಮ ಸಂಪರ್ಕ ಯಶಸ್ವಿಯಾಗಿ ಅಳವಡಿಕೆಯಾಗಿದೆ. ಕೆಲಸ ಮುಗಿಯಿತೆಂದು ಕಂಪ್ಯೂಟರಿನಲ್ಲಿ ಯಾರೋ ದಾಖಲಿಸಿದ್ದರು, ಬಾಡಿಗೆ ಆ ದಿನದಿಂದಲೇ ಶುರುವಾಯಿತು.

ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಸಮಾಧಾನದಿಂದಲೇ ಕೇಳಿಸಿಕೊಂಡಳು, ಡಾಕೆಟ್ ನಂಬರ್ ಎಸ್‌ಎಂಎಸ್‌ನಲ್ಲಿ ಬಂತು. ಕೆಲವು ದಿನಗಳ ಮೇಲೆ ಉತ್ತರವೂ ಬಂತು: ತಿಂಗಳ ಬಾಡಿಗೆ ಬಳಕೆಯ ಮೇಲೆ ನಿಂತಿಲ್ಲ, ಬಳಸದಿದ್ದರೂ ಕಟ್ಟಬೇಕು, ದೂರು ಮುಕ್ತಾಯ. ನಾನು ಬಳಸಿಲ್ಲ ಎಂದು ಹೇಳಿಯೇ ಇರಲಿಲ್ಲ. ಮತ್ತೆ ಫೋನ್ ಮಾಡಿ, ನನ್ನ ದೂರಿನ ಕೆಳಗೆ ಏನು ಬರೆದಿದೆ ಎಂದು ಓದಿಸಿದೆ. "ಗ್ರಾಹಕರು ಸೇವೆ ಬಳಸುತ್ತಿಲ್ಲ, ಬಿಲ್ಲಿನಲ್ಲಿ ರಿಯಾಯಿತಿ ಕೇಳುತ್ತಿದ್ದಾರೆ" ಎಂದಿತ್ತು.

ಇಡೀ ವ್ಯವಹಾರ ಆ ಒಂದು ಸಾಲಿನಲ್ಲೇ ತಪ್ಪು ದಾರಿ ಹಿಡಿದಿತ್ತು. ಬಳಸಿಲ್ಲ ಎಂಬ ದೂರಿಗೆ ಅವರು ಕೊಟ್ಟ ಉತ್ತರ ಸರಿಯಾದದ್ದೇ. ಊರಿಗೆ ಹೋಗಿ ಒಂದು ತಿಂಗಳು ಮನೆಗೆ ಬೀಗ ಹಾಕಿದ್ದರೂ ಇಂಟರ್ನೆಟ್ ಬಾಡಿಗೆ ಕಟ್ಟಲೇಬೇಕು. ಬಿಲ್ಲಿನಲ್ಲಿ ಡೇಟಾ ಬಳಕೆ ಸೊನ್ನೆ ಎಂದು ತೋರಿಸಿದರೂ ನಮಗೆ ಗೆಲುವಿಲ್ಲ, ಸೊನ್ನೆ ಬಳಕೆ ಇದ್ದವರಿಗೂ ಸಂಪರ್ಕ ಇದ್ದಿರಬಹುದಲ್ಲ. ಪತ್ರದಲ್ಲಿ ನಿಲ್ಲಿಸಬೇಕಾದ ಪ್ರಶ್ನೆ ಬೇರೆ: ನೀವು ಸೇವೆ ಕೊಟ್ಟಿರಿ ಎನ್ನುವುದಕ್ಕೆ ನಿಮ್ಮ ಬಳಿ ಏನು ದಾಖಲೆ ಇದೆ? ಹೀಗೆ ಕೇಳಿದಾಗ ತೋರಿಸುವ ಹೊಣೆ ಅವರ ಕಡೆಗೆ ಹೋಗುತ್ತದೆ.

ಆ ದಾಖಲೆ ಎಲ್ಲಿರುತ್ತದೆ ಎಂದು ತಿಳಿಸಿದವರು ಇದೇ ಕ್ಷೇತ್ರದಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಭಾವ. ಪ್ರತಿ ಮೋಡೆಮ್‌ನ ತಳದಲ್ಲಿ ಒಂದು ಸ್ಟಿಕ್ಕರ್, ಅದರಲ್ಲಿ ಸೀರಿಯಲ್ ನಂಬರ್. ಎಕ್ಸ್‌ಚೇಂಜಿನಲ್ಲಿ ಓಎಲ್‌ಟಿ ಎಂಬ ಯಂತ್ರವಿರುತ್ತದೆ. ಫೈಬರ್‌ನಲ್ಲಿ ಬೆಳಕು ಹರಿದು ಮೋಡೆಮ್ ಜೀವ ತಳೆದರೆ, ಆ ಸೀರಿಯಲ್ ನಂಬರ್ ಎಷ್ಟು ಗಂಟೆಗೆ ಆನ್‌ಲೈನ್ ಬಂತು, ಮೋಡೆಮ್‌ಗೆ ತಲುಪಿದ ಬೆಳಕಿನ ಮಟ್ಟ ಎಷ್ಟು ಡಿಬಿಎಂ ಎಂಬುದೆಲ್ಲ ಆ ಯಂತ್ರಕ್ಕೆ ಗೊತ್ತಾಗುತ್ತದೆ. ಆಮೇಲೆ ಮೋಡೆಮ್ ಲಾಗಿನ್ ಆದಾಗ ಲಾಗಿನ್ ಸರ್ವರ್ ತನ್ನದೇ ಲೆಕ್ಕ ಬರೆದುಕೊಳ್ಳುತ್ತದೆ. ವೈರೇ ಎಳೆಯದ ಮೋಡೆಮ್‌ಗೆ ಇವೆರಡೂ ಹುಟ್ಟುವುದಿಲ್ಲ, ಕೆಲಸ ಮುಗಿದಿದೆ ಎಂದು ಯಾರು ಎಷ್ಟು ಸಲ ಒತ್ತಿದರೂ ಅಷ್ಟೆ. "ಒಂದು ಎಚ್ಚರಿಕೆ ಇರಲಮ್ಮ" ಎಂದರು ಭಾವ. "ಸೀರಿಯಲ್ ನಂಬರನ್ನು ಮೊದಲೇ ಕಂಪ್ಯೂಟರಿಗೆ ಏರಿಸಿಟ್ಟಿರ್ತಾರೆ. ನೀನು ಬರೀ ನೋಂದಣಿ ಕೇಳಿದರೆ ಅದನ್ನೇ ತೋರಿಸಿ ಕೈತೊಳೀತಾರೆ. ಮೊದಲ ಸಲ ಆನ್‌ಲೈನ್ ಬಂದ ಹೊತ್ತು ಯಾವುದು ಅಂತ ಕೇಳು."

ಆ ಮಾತನ್ನು ಮುಂದಿಟ್ಟುಕೊಂಡು ಪತ್ರ ಬರೆದೆ. ಅಷ್ಟು ಹೊತ್ತಿಗೆ ಎರಡನೇ ತಿಂಗಳ ಬಿಲ್ಲೂ ಬಂದಿತ್ತು, ಜೊತೆಗೆ ತಡಪಾವತಿ ಶುಲ್ಕ ತೆರಿಗೆ ಸೇರಿ 118 ರೂಪಾಯಿ. ಒಟ್ಟು 1767 ರೂಪಾಯಿ 64 ಪೈಸೆ. ವಿಷಯದ ಸಾಲಿನಲ್ಲಿ ಖಾತೆ ಸಂಖ್ಯೆ, ಎರಡೂ ಬಿಲ್ಲಿನ ಸಂಖ್ಯೆ, ಹಳೆಯ ಡಾಕೆಟ್ ನಂಬರ್ ಹಾಕಿದೆ. ಪತ್ರದ ಜೀವಾಳ ಹೀಗಿತ್ತು:

"ಮೇಲಿನ ಖಾತೆಗೆ ನಮ್ಮ ಮನೆಯಲ್ಲಿ ಸೇವೆ ಆರಂಭವೇ ಆಗಿಲ್ಲ. ಕಂಬದ ಪೆಟ್ಟಿಗೆಯಲ್ಲಿ ಪೋರ್ಟ್ ಖಾಲಿ ಇಲ್ಲವೆಂದು ನಿಮ್ಮ ತಂತ್ರಜ್ಞರು ವೈರು ಎಳೆಯದೆ ಹಿಂತಿರುಗಿದ್ದಾರೆ. ಮೋಡೆಮ್ ಹಾಗೂ ಅದರ ಸೀರಿಯಲ್ ನಂಬರಿನ ಫೋಟೊ, ಕಂಬದಿಂದ ಮನೆಯವರೆಗೆ ವೈರು ಇಲ್ಲದ ಫೋಟೊ ಲಗತ್ತಿಸಿದ್ದೇನೆ. ಇದು ಬಳಸದ ಸೇವೆಗೆ ರಿಯಾಯಿತಿ ಕೇಳುವ ಮನವಿಯಲ್ಲ. ಸೇವೆ ಆರಂಭವಾಗಿದೆ ಎಂಬುದು ನಿಮ್ಮ ನಿಲುವಾದರೆ, ಈ ಸೀರಿಯಲ್ ನಂಬರ್ ಓಎಲ್‌ಟಿಯಲ್ಲಿ ಮೊದಲ ಬಾರಿ ಆನ್‌ಲೈನ್ ಬಂದ ದಿನಾಂಕ ಮತ್ತು ಸಮಯ, ಈ ಖಾತೆಯ ಮೊದಲ ಲಾಗಿನ್ ದಾಖಲೆ, ಮನೆಯವರ ಸಹಿ ಇರುವ ಅಳವಡಿಕೆ ವರದಿ ಇವುಗಳ ಪ್ರತಿ ಕೊಡಿ. ಇಲ್ಲವಾದರೆ ಎರಡೂ ಬಿಲ್ಲನ್ನು ತಡಪಾವತಿ ಶುಲ್ಕ ಮತ್ತು ತೆರಿಗೆ ಸಮೇತ ರದ್ದುಪಡಿಸಿ, ಕ್ರೆಡಿಟ್ ನೋಟ್ ನೀಡಿ, ಖಾತೆ ಮುಚ್ಚಿ, ಬಾಕಿ ಇಲ್ಲವೆಂದು ಲಿಖಿತವಾಗಿ ತಿಳಿಸಿ. ಈ ಮೊತ್ತ ವಿವಾದದಲ್ಲಿರುವುದರಿಂದ ತೀರ್ಮಾನವಾಗುವವರೆಗೆ ವಸೂಲಿಗೆ ಕಳುಹಿಸಬೇಡಿ, ಕ್ರೆಡಿಟ್ ಸಂಸ್ಥೆಗಳಿಗೆ ಬಾಕಿಯೆಂದು ವರದಿ ಮಾಡಬೇಡಿ."

ಇಮೇಲ್ ಮಾಡಿದೆ, ಅದೇ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ರಸೀದಿ ಇಟ್ಟುಕೊಂಡೆ. ಹುಡುಗನ ಮೇಲೆ ಸಿಟ್ಟಿನ ಒಂದು ಮಾತೂ ಬರೆಯಲಿಲ್ಲ. ಪೋರ್ಟ್ ಇಲ್ಲವೆಂದು ನಿಜ ಹೇಳಿದವನು ಅವನೇ.

ಪತ್ರ ತಲುಪಿದ ಮೇಲೆ ಮೊದಲು ಬಂದದ್ದು ಫೋನು. "ಮೇಡಂ, ಗುಡ್‌ವಿಲ್ ಮೇಲೆ ಒಂದು ಬಿಲ್ಲಿಗೆ ಅರ್ಧ ಮಾಫಿ ಮಾಡ್ತೀವಿ, ಉಳಿದದ್ದು ಕಟ್ಟಿಬಿಡಿ." ದನಿಯಲ್ಲಿ ಒತ್ತಾಯವಿರಲಿಲ್ಲ, ಅದಕ್ಕೇ ಒಪ್ಪಿಬಿಡುವುದು ಸುಲಭ. ಆದರೆ ಮಾಫಿ ಎಂದರೆ ಬಿಲ್ಲು ನ್ಯಾಯವಾದದ್ದು, ಕರುಣೆಯಿಂದ ಬಿಟ್ಟಿದ್ದೇವೆ ಎಂದಾಗುತ್ತದೆ. ಖಾತೆ ಚಾಲ್ತಿಯಲ್ಲೇ ಉಳಿಯುತ್ತದೆ, ಬಾಡಿಗೆ ಓಡುತ್ತಲೇ ಇರುತ್ತದೆ. ನನಗೆ ಬೇಕಿದ್ದದ್ದು ಬಿಲ್ಲಿನ ರದ್ದತಿ. ಕ್ರೆಡಿಟ್ ನೋಟ್ ಬಂದರೆ ಬಾಡಿಗೆಯೂ ಅದರ ಮೇಲಿನ ಜಿಎಸ್‌ಟಿಯೂ ಕಾಗದದ ಮೇಲೆಯೇ ವಾಪಸಾಗುತ್ತವೆ. ಹಾಗೆಂದು ಹೇಳಿ, ನೀವು ಹೇಳಿದ್ದನ್ನು ದಯವಿಟ್ಟು ಇಮೇಲಿನಲ್ಲಿ ಬರೆಯಿರಿ ಎಂದೆ. ಆ ಇಮೇಲ್ ಬರಲಿಲ್ಲ. ಬದಲಿಗೆ ದೂರು ಮತ್ತೆ ಮುಕ್ತಾಯವಾಯಿತು: ನಮ್ಮ ದಾಖಲೆಯ ಪ್ರಕಾರ ಅಳವಡಿಕೆ ಪೂರ್ಣಗೊಂಡಿದೆ. ಯಾವ ದಾಖಲೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಇಲ್ಲಿ ಅನೇಕರು ಟ್ರಾಯ್‌ಗೆ ಬರೆಯಲು ಹೊರಡುತ್ತಾರೆ. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತೀರ್ಮಾನಿಸುವುದಿಲ್ಲ. ಆದರೆ ಅದೇ ಟ್ರಾಯ್ 2012ರಲ್ಲಿ ಮಾಡಿದ ಗ್ರಾಹಕ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಎರಡು ಮೆಟ್ಟಿಲು ಇಟ್ಟಿರಬೇಕು. ಮೊದಲನೆಯದು ದೂರು ಕೇಂದ್ರ, ಎರಡನೆಯದು ಮೇಲ್ಮನವಿ ಪ್ರಾಧಿಕಾರ. ದೂರು ಕೇಂದ್ರದ ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ ಗಡುವಿನೊಳಗೆ ಉತ್ತರವೇ ಬಾರದಿದ್ದರೆ, ಆ ಗಡುವು ಮುಗಿದ 30 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಶುಲ್ಕವಿಲ್ಲ, ತೀರ್ಮಾನಕ್ಕೆ 39 ದಿನಗಳ ಮಿತಿಯಿದೆ. ಡಾಕೆಟ್ ನಂಬರ್ ಇಲ್ಲದೆ ಈ ಎರಡನೇ ಮೆಟ್ಟಿಲು ಹತ್ತುವುದು ಕಷ್ಟ, ಹಾಗಾಗಿ ಬಾಯಿಮಾತಿನ ಭರವಸೆಗಿಂತ ಆ ಎಸ್‌ಎಂಎಸ್ ದೊಡ್ಡದು.

ಮೇಲ್ಮನವಿಯಲ್ಲಿ ಹೊಸದಾಗಿ ಏನೂ ಬರೆಯಲಿಲ್ಲ. ಹಳೆಯ ಪತ್ರ ಲಗತ್ತಿಸಿ, ಮೇಲೊಂದು ಪ್ಯಾರಾ: ಈ ಮೂರು ದಾಖಲೆ ಕೇಳಿದ್ದೆ, ಕೊಟ್ಟಿಲ್ಲ, ಕೊಡದೆ ದೂರು ಮುಚ್ಚಿದ್ದಾರೆ, ಆ ದಾಖಲೆಗಳನ್ನು ತರಿಸಿ ನೋಡಿ ತೀರ್ಮಾನಿಸಬೇಕು. ಇದಾದ ಮೇಲೆ ಕಂಪನಿಯ ಬೇರೊಬ್ಬ ಎಂಜಿನಿಯರ್ ಮನೆಗೆ ಬಂದರು. ಮೋಡೆಮ್ ಎತ್ತಿ ತಳದ ಸ್ಟಿಕ್ಕರ್ ಓದಿದರು, ಹೊರಗೆ ಹೋಗಿ ಕಂಬ ನೋಡಿದರು, ಫೋನಿನಲ್ಲಿ ಯಾರೊಂದಿಗೋ ಆ ನಂಬರ್ ಹೇಳಿ ಕಾದರು. "ಒಂದ್ಸಲಾನೂ ಅಪ್ ಬಂದಿಲ್ಲ ಇದು" ಎಂದು ನನ್ನೆದುರೇ ಅಂದರು. ಗಡುವಿನೊಳಗೇ ಆದೇಶ ಬಂತು, ಎರಡೂ ಬಿಲ್ಲು ರದ್ದು, ಕ್ರೆಡಿಟ್ ನೋಟ್ ಇಮೇಲಿಗೆ.

ಅಲ್ಲಿಗೂ ಮುಗಿಯಲಿಲ್ಲ. ಬಿಲ್ಲು ರದ್ದಾದರೂ ಖಾತೆ ತಾನಾಗಿ ಮುಚ್ಚುವುದಿಲ್ಲ, ಮುಂದಿನ ಆವರ್ತದ ಬಿಲ್ಲು ತಯಾರಾಗಿಯೇ ಬಿಟ್ಟಿತು. ಆದೇಶದ ಪ್ರತಿ ಹಚ್ಚಿ ಮತ್ತೆ ಬರೆದ ಮೇಲೆ ಖಾತೆ ಮುಚ್ಚಿ ಅದನ್ನೂ ತೆಗೆದರು. ಮೋಡೆಮ್ ವಾಪಸ್ ಕೊಡುವಾಗ ಸೀರಿಯಲ್ ನಂಬರ್ ಬರೆದ ರಸೀದಿ ಕೇಳಿ ಪಡೆದೆ, ಇಲ್ಲದಿದ್ದರೆ ಉಪಕರಣ ಹಿಂತಿರುಗಿಸಿಲ್ಲವೆಂದು ಅದಕ್ಕೊಂದು ಬಿಲ್ಲು ಬರಬಹುದಿತ್ತು. ಕೆಲ ತಿಂಗಳ ಮೇಲೆ ಕ್ರೆಡಿಟ್ ವರದಿಯನ್ನೂ ತೆಗೆಸಿ ನೋಡಿದೆ. ವರ್ಷಕ್ಕೊಮ್ಮೆ ಅದು ಉಚಿತ. ಆ ಖಾತೆ ಅದರಲ್ಲಿ ಇರಲಿಲ್ಲ.

ಮೇಲ್ಮನವಿಯೂ ಬಿದ್ದುಹೋಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಸಿದ್ಧಳಿದ್ದೆ. ಟೆಲಿಕಾಂ ದೂರುಗಳು ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲ ಎಂಬ ಮಾತು ಈಗಲೂ ಓಡಾಡುತ್ತಿದೆ, ಅದು ಸುಪ್ರೀಂ ಕೋರ್ಟಿನ 2009ರ ಒಂದು ತೀರ್ಪಿನ ನೆರಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವೆಗಳ ವ್ಯಾಖ್ಯೆಯಲ್ಲೇ ಟೆಲಿಕಾಂ ಎಂದು ಹೆಸರಿಸಿದೆ, 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟೂ ಗ್ರಾಹಕ ಆಯೋಗಗಳಿಗೆ ಈ ಅಧಿಕಾರ ಇದೆ ಎಂದಿದೆ. ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ.

ನಮ್ಮ ಬೀದಿಯ ಇನ್ನೊಬ್ಬರು ಈ ಪತ್ರದ ನಕಲು ಕೇಳಿದರು. ಅವರ ಮನೆಯಲ್ಲಿ ಸಂಪರ್ಕ ಒಂದು ವಾರ ನಡೆದು ಆಮೇಲೆ ನಿಂತಿತ್ತು. ಕೊಡಲಿಲ್ಲ. ಅವರ ಮೋಡೆಮ್ ಆನ್‌ಲೈನ್ ಬಂದ ದಾಖಲೆ ಖಂಡಿತ ಇರುತ್ತದೆ, ಈ ಪತ್ರ ಬರೆದರೆ ಅದನ್ನೇ ಅವರ ಮುಂದಿಡುತ್ತಾರೆ. ಅವರದು ಕೆಟ್ಟುಹೋದ ಸಂಪರ್ಕದ ದೂರು. ಲೈನ್ ಸತ್ತ ದಿನವೇ ಡಾಕೆಟ್ ತೆಗೆಸಿ, ಅಲ್ಲಿಂದ ಸರಿಯಾಗುವವರೆಗಿನ ಬಾಡಿಗೆ ಕಡಿತ ಕೇಳಿ ಎಂದು ಇಬ್ಬರೂ ಕೂತು ಅವರದೇ ಪತ್ರ ಬರೆದೆವು.