ಫ್ರೀಕ್ಯಾಡ್ ತಂತ್ರಾಂಶ: ‘ವರ್ಕ್‌ಬೆಂಚ್’ ಎಂಬ ಪರಿಕಲ್ಪನೆಯ ಪರಿಚಯ

ಪೀಠಿಕೆ

ಪ್ರೌಢಶಾಲೆಯ ಗಣಿತದಲ್ಲಿ ಘನಾಕೃತಿಗಳ ಪಾಠ ಬಂದಾಗ ಇಂತಹದೊಂದು ಲೆಕ್ಕವನ್ನು ಕೊಡುವುದು ವಾಡಿಕೆ: 60 ಮಿ.ಮೀ. ಉದ್ದ, 40 ಮಿ.ಮೀ. ಅಗಲ ಮತ್ತು 20 ಮಿ.ಮೀ. ಎತ್ತರವುಳ್ಳ ಮರದ ತುಂಡೊಂದರ ಮಧ್ಯದಲ್ಲಿ 14 ಮಿ.ಮೀ. ವ್ಯಾಸದ ರಂಧ್ರವನ್ನು ಮೇಲಿನಿಂದ ಕೆಳಗಿನವರೆಗೆ ಕೊರೆದರೆ ಉಳಿಯುವ ಮರದ ಘನಫಲವೆಷ್ಟು? ಸೂತ್ರವನ್ನು ಬಲ್ಲ ವಿದ್ಯಾರ್ಥಿ ಉತ್ತರವನ್ನು ಕಂಡುಹಿಡಿಯುತ್ತಾನೆ. ಆದರೆ ಕಪ್ಪು ಹಲಗೆಯ ಮೇಲಿನ ಚಿತ್ರದಲ್ಲಿ ಆ ತುಂಡನ್ನು ತಿರುಗಿಸಿ ನೋಡಲಾಗದು. ಎತ್ತರವನ್ನು ಹೆಚ್ಚಿಸಿದರೆ ಏನಾಗುವುದೆಂದು ಕಣ್ಣಾರೆ ಕಾಣಲಾಗದು. ಈ ಕೊರತೆಯನ್ನು ನೀಗಿಸಲು ಫ್ರೀಕ್ಯಾಡ್ ಎಂಬ ಮೂರು ಆಯಾಮಗಳ ರಚನಾ ತಂತ್ರಾಂಶವನ್ನು ಬಳಸಬಹುದು.

ಈ ತಂತ್ರಾಂಶವು 2002ರಲ್ಲಿ ಮೊದಲು ಬಿಡುಗಡೆಯಾಯಿತು, ಇದರ 1.0 ಆವೃತ್ತಿಯು 2024ರ ನವೆಂಬರ್ ತಿಂಗಳಲ್ಲಿ ಹೊರಬಂದಿತು. ವಾಣಿಜ್ಯ ತಂತ್ರಾಂಶಗಳ ಸಂಸ್ಥೆಗಳೂ ಶಾಲೆಗಳಿಗೆ ಉಚಿತ ಪರವಾನಗಿ ನೀಡುವುದುಂಟು. ಆದರೆ ಅಂತಹ ಪರವಾನಗಿಗೆ ನೋಂದಣಿ ಮತ್ತು ಅವಧಿಯ ನಿಬಂಧನೆಗಳಿರುತ್ತವೆ. ಫ್ರೀಕ್ಯಾಡ್ ಮುಕ್ತ ಪರವಾನಗಿಯಲ್ಲಿರುವುದರಿಂದ ಅದನ್ನು ಪ್ರಯೋಗಾಲಯದ ಎಲ್ಲ ಗಣಕಗಳಲ್ಲಿಯೂ ಅಳವಡಿಸಬಹುದು, ಪೆನ್‌ಡ್ರೈವಿನಲ್ಲಿ ವಿದ್ಯಾರ್ಥಿಗಳಿಗೆ ಕೊಡಬಹುದು. ಒಮ್ಮೆ ಅಳವಡಿಸಿದ ಮೇಲೆ ಅಂತರಜಾಲದ ಸಂಪರ್ಕ ಬೇಕಾಗುವುದಿಲ್ಲ. ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ನಡೆಯುವಂತೆ ಲಿನಕ್ಸ್‌ನಲ್ಲಿಯೂ ನಡೆಯುವುದರಿಂದ, ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನು ಬಳಸುವ ಕೇರಳದ ಶಾಲೆಗಳ ಗಣಕಗಳಿಗೂ ಇದು ಹೊಂದುತ್ತದೆ. ಗಣಕವು 64-ಬಿಟ್‌ನದಾಗಿರಬೇಕೆಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳತಕ್ಕದ್ದು.

ವರ್ಕ್‌ಬೆಂಚ್ ಎಂದರೇನು?

ಫ್ರೀಕ್ಯಾಡನ್ನು ಮೊದಲ ಬಾರಿಗೆ ತೆರೆದವರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆಯಲ್ಲಿ. ನಿನ್ನೆ ಕಂಡ ಗುಂಡಿ ಇಂದು ಕಾಣುವುದಿಲ್ಲ. ಪಾಠದಲ್ಲಿ ಹೇಳಿದ ಉಪಕರಣವು ಪರದೆಯ ಮೇಲೆ ಎಲ್ಲಿಯೂ ಇಲ್ಲ. ತಂತ್ರಾಂಶವೇ ಕೆಟ್ಟಿದೆಯೆಂದು ಭಾವಿಸಿ ಕೆಲವರು ಅದನ್ನು ಅಲ್ಲಿಗೇ ಕೈಬಿಡುತ್ತಾರೆ. ವಾಸ್ತವವಾಗಿ ಕೆಟ್ಟಿರುವುದು ಏನೂ ಇಲ್ಲ; ಆಯ್ದುಕೊಂಡ ವರ್ಕ್‌ಬೆಂಚ್ ಬೇರೆಯಾಗಿದೆ, ಅಷ್ಟೆ.

ದರ್ಜಿಯ ಅಂಗಡಿಯನ್ನು ನೆನೆದರೆ ಈ ವಿಷಯವು ತಿಳಿಯಾಗುತ್ತದೆ. ಅಲ್ಲಿ ಬಟ್ಟೆಯನ್ನು ಕತ್ತರಿಸಲು ಒಂದು ಮೇಜು, ಹೊಲಿಯಲು ಯಂತ್ರ, ಇಸ್ತ್ರಿ ಹಾಕಲು ಇನ್ನೊಂದು ಮೇಜು ಇರುತ್ತವೆ. ಕತ್ತರಿ ಮತ್ತು ಅಳತೆಪಟ್ಟಿ ಮೊದಲ ಮೇಜಿನ ಮೇಲಿರುತ್ತವೆ, ಇಸ್ತ್ರಿಪೆಟ್ಟಿಗೆ ಕೊನೆಯದರ ಮೇಲೆ. ಬಟ್ಟೆ ಮಾತ್ರ ಒಂದೇ. ಫ್ರೀಕ್ಯಾಡಿನಲ್ಲಿ ವರ್ಕ್‌ಬೆಂಚ್ ಎಂದರೆ ಇಂತಹ ಒಂದು ಕೆಲಸದ ಮೇಜು, ಅಂದರೆ ಒಂದು ಬಗೆಯ ಕೆಲಸಕ್ಕೆ ಬೇಕಾದ ಉಪಕರಣಗಳ ಗುಂಪು. ಮೇಜನ್ನು ಬದಲಿಸಿದಾಗ ಉಪಕರಣಗಳ ಸಾಲು ಬದಲಾಗುತ್ತದೆಯೇ ಹೊರತು ರಚಿಸಿದ ವಸ್ತುವಿಗೆ ಯಾವ ಬದಲಾವಣೆಯೂ ಆಗುವುದಿಲ್ಲ. ಪರದೆಯ ಮೇಲ್ಭಾಗದ ಉಪಕರಣಪಟ್ಟಿಯಲ್ಲಿರುವ ಆಯ್ಕೆಪೆಟ್ಟಿಗೆಯು ಆಗ ಯಾವ ವರ್ಕ್‌ಬೆಂಚ್ ತೆರೆದಿದೆಯೆಂದು ತೋರಿಸುತ್ತದೆ. ಗುಂಡಿ ಕಾಣೆಯಾದಾಗ ಮೊದಲು ನೋಡಬೇಕಾದ ಸ್ಥಳ ಅದುವೇ.

ಆ ಪಟ್ಟಿಯಲ್ಲಿ ಅನೇಕ ಹೆಸರುಗಳಿವೆ. ಆರಂಭಕ್ಕೆ ಅವುಗಳಲ್ಲಿ ಎರಡನ್ನು ಬೇರ್ಪಡಿಸಿ ತಿಳಿದುಕೊಂಡರೆ ಸಾಕು: `Part` ಮತ್ತು `Part Design`. ಹೆಸರುಗಳು ಹತ್ತಿರವಾಗಿದ್ದರೂ ಇವುಗಳ ವಿಧಾನಗಳು ಬೇರೆ ಬೇರೆ. ಪೀಠಿಕೆಯ ಮರದ ತುಂಡನ್ನೇ ಎರಡೂ ರೀತಿಯಲ್ಲಿ ರಚಿಸಿದರೆ ಈ ವ್ಯತ್ಯಾಸವು ಸ್ಪಷ್ಟವಾಗುತ್ತದೆ.

ಮೊದಲ ವಿಧಾನ: ಘನಾಕೃತಿಯಿಂದ ಘನಾಕೃತಿಯನ್ನು ಕಳೆಯುವುದು

ಹೊಸ ಕಡತವನ್ನು ತೆರೆದು `Part` ವರ್ಕ್‌ಬೆಂಚನ್ನು ಆಯ್ದುಕೊಳ್ಳಬೇಕು. `Cube` ಗುಂಡಿಯನ್ನು ಒತ್ತಿದಾಗ 10 ಮಿ.ಮೀ. ಬಾಹುವಿನ ಘನವು ಮೂಡುತ್ತದೆ. ಎಡಬದಿಯ ಪಟ್ಟಿಯಲ್ಲಿ ಅದರ ಹೆಸರನ್ನು ಒತ್ತಿದರೆ ಕೆಳಗೆ ಅದರ ಗುಣಗಳು ಕಾಣುತ್ತವೆ. ಅಲ್ಲಿ `Length` 60, `Width` 40, `Height` 20 ಎಂದು ತುಂಬಬೇಕು. ಆಕೃತಿಯು ಪರದೆಯಿಂದ ಹೊರಗೆ ಚಾಚಿಕೊಂಡರೆ `V` ಮತ್ತು `F` ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿದಾಗ ಅದು ಪೂರ್ಣವಾಗಿ ಕಾಣುತ್ತದೆ.

ಅನಂತರ `Cylinder` ಗುಂಡಿಯನ್ನು ಒತ್ತಿ `Radius` 7, `Height` 24 ಎಂದು ಕೊಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಆಯತಘನದ ಒಂದು ಮೂಲೆಯು ಮೂಲಬಿಂದುವಿನಲ್ಲಿರುತ್ತದೆ. ಸಿಲಿಂಡರಿನ ತಳದ ಕೇಂದ್ರವೂ ಅದೇ ಬಿಂದುವಿನಲ್ಲಿರುತ್ತದೆ. ಆದ್ದರಿಂದ ಸಿಲಿಂಡರನ್ನು ಮಧ್ಯಕ್ಕೆ ಸರಿಸಬೇಕು: `Placement` ಎಂಬಲ್ಲಿ `Position` ತೆರೆದು x = 30, y = 20, z = −2 ಎಂದು ತುಂಬಬೇಕು. ಹೀಗೆ ಮಾಡಿದಾಗ ಸಿಲಿಂಡರು ಮೇಲೂ ಕೆಳಗೂ 2 ಮಿ.ಮೀ. ಹೊರಚಾಚಿಕೊಂಡಿರುತ್ತದೆ. ಎರಡು ಆಕೃತಿಗಳ ಮುಖಗಳು ಒಂದೇ ಸಮತಲದಲ್ಲಿ ಬೀಳದಿದ್ದರೆ ಕಳೆಯುವ ಕ್ರಿಯೆಯು ನಿಸ್ಸಂದಿಗ್ಧವಾಗಿ ನಡೆಯುತ್ತದೆ.

ಕೊನೆಯದಾಗಿ, ಮೊದಲು ಆಯತಘನವನ್ನೂ ಬಳಿಕ `Ctrl` ಕೀಲಿಯನ್ನು ಹಿಡಿದು ಸಿಲಿಂಡರನ್ನೂ ಆಯ್ದುಕೊಂಡು `Cut` ಗುಂಡಿಯನ್ನು ಒತ್ತಬೇಕು. ಮೊದಲು ಆಯ್ದದ್ದರಿಂದ ಎರಡನೆಯದು ಕಳೆಯಲ್ಪಡುತ್ತದೆ. ಈ ಕ್ರಮವು ತಿರುವುಮುರುವಾದರೆ ಮರದ ತುಂಡು ಮಾಯವಾಗಿ, ಮೇಲೊಂದು ಕೆಳಗೊಂದು ತೆಳು ಬಿಲ್ಲೆ ಮಾತ್ರ ಉಳಿಯುತ್ತದೆ. ಸರಿಸುವುದನ್ನು ಮರೆತರೆ ರಂಧ್ರದ ಬದಲು ಒಂದು ಮೂಲೆಯಲ್ಲಿ ಕಾಲುವೃತ್ತದ ಕಚ್ಚು ಬೀಳುತ್ತದೆ. ತಪ್ಪು ಎಲ್ಲಿ ನಡೆದಿದೆಯೆಂಬುದನ್ನು ಶಿಕ್ಷಕರು ಈ ಗುರುತುಗಳಿಂದ ಕೂಡಲೇ ತಿಳಿಯಬಹುದು.

ಎರಡನೆಯ ವಿಧಾನ: ನಕ್ಷೆಯಿಂದ ಘನಾಕೃತಿಗೆ

ಇನ್ನೊಂದು ಹೊಸ ಕಡತವನ್ನು ತೆರೆದು `Part Design` ವರ್ಕ್‌ಬೆಂಚನ್ನು ಆಯ್ದುಕೊಳ್ಳಬೇಕು. ಇಲ್ಲಿ ಸಿದ್ಧ ಆಕೃತಿಗಳನ್ನು ಜೋಡಿಸುವ ಬದಲು, ಸಮತಲದ ಮೇಲೆ ನಕ್ಷೆಯನ್ನು ಬರೆದು ಅದಕ್ಕೆ ದಪ್ಪವನ್ನು ಕೊಡಲಾಗುತ್ತದೆ. ಮೊದಲು `Body` ಒಂದನ್ನು ರಚಿಸಬೇಕು. ಮುಂದಿನ ಹೆಜ್ಜೆಗಳೆಲ್ಲವೂ ಅದರೊಳಗೆ ಕ್ರಮವಾಗಿ ಸೇರುತ್ತವೆ. ಅನಂತರ ಹೊಸ ನಕ್ಷೆಯ ಗುಂಡಿಯನ್ನು ಒತ್ತಿ XY ಸಮತಲವನ್ನು ಆರಿಸಬೇಕು. ಆಗ ಆಯ್ಕೆಪೆಟ್ಟಿಗೆಯಲ್ಲಿ `Sketcher` ಎಂಬ ಹೆಸರು ಬರುವುದನ್ನು ವಿದ್ಯಾರ್ಥಿಗಳಿಗೆ ತೋರಿಸತಕ್ಕದ್ದು. ನಕ್ಷೆಯ ಮೇಜಿಗೆ ತಂತ್ರಾಂಶವು ತಾನಾಗಿಯೇ ಹೋಗಿದೆ. ನಕ್ಷೆಯನ್ನು ಮುಚ್ಚಿದೊಡನೆ ಹಿಂದಿನ ಮೇಜಿಗೆ ಮರಳುತ್ತದೆ.

ನಕ್ಷೆಯಲ್ಲಿ, ಕೇಂದ್ರದಿಂದ ಎಳೆಯುವ ಆಯತದ ಉಪಕರಣವನ್ನು ಬಳಸಿ ಮೂಲಬಿಂದುವಿನ ಸುತ್ತ ಒಂದು ಆಯತವನ್ನು ಬರೆಯಬೇಕು. ಬರೆಯುವಾಗ ಅಳತೆಯ ಚಿಂತೆ ಬೇಡ. ಬಳಿಕ ಒಂದು ಅಡ್ಡರೇಖೆಗೆ 60, ಒಂದು ಲಂಬರೇಖೆಗೆ 40 ಎಂಬ ಅಳತೆಯ ನಿರ್ಬಂಧವನ್ನು ಹಾಕಬೇಕು. ನಿರ್ಬಂಧಗಳು ಸಾಕಷ್ಟಾದಾಗ ರೇಖೆಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ. ಆಕೃತಿಯು ಇನ್ನು ಯಾವ ದಿಕ್ಕಿಗೂ ಜಾರಲಾರದು ಎಂಬುದೇ ಅದರ ಅರ್ಥ. ಹಸಿರಾಗದಿದ್ದರೆ ಯಾವುದೋ ಒಂದು ಅಳತೆ ಅಥವಾ ಸ್ಥಾನವು ನಿಶ್ಚಯವಾಗದೆ ಉಳಿದಿದೆಯೆಂದು ತಿಳಿಯಬೇಕು. ರೇಖೆಯೊಂದನ್ನು ಎಳೆದು ನೋಡಿದರೆ ಅದು ಯಾವುದೆಂದು ಗೊತ್ತಾಗುತ್ತದೆ.

ನಕ್ಷೆಯನ್ನು ಮುಚ್ಚಿ `Pad` ಗುಂಡಿಯನ್ನು ಒತ್ತಿ 20 ಎಂದು ಕೊಟ್ಟಾಗ ಆಯತವು ಆಯತಘನವಾಗುತ್ತದೆ. ಅದರ ಮೇಲ್ಮುಖವನ್ನು ಆಯ್ದು ಇನ್ನೊಂದು ನಕ್ಷೆಯನ್ನು ತೆರೆದು, ಮೂಲಬಿಂದುವೇ ಕೇಂದ್ರವಾಗುವಂತೆ ವೃತ್ತವನ್ನು ಬರೆದು ವ್ಯಾಸ 14 ಎಂದು ನಿಗದಿಪಡಿಸಬೇಕು. ನಕ್ಷೆಯನ್ನು ಮುಚ್ಚಿ `Pocket` ಗುಂಡಿಯನ್ನು ಒತ್ತಿ, ಆಳದ ಬಗೆಯಾಗಿ `Through all` ಎಂದು ಆರಿಸಿದರೆ ರಂಧ್ರವು ಸಿದ್ಧವಾಗುತ್ತದೆ.

ಈ ವಿಧಾನದ ಸತ್ವವು ತಿದ್ದುವಾಗ ಕಾಣುತ್ತದೆ. ಎಡಬದಿಯ ಪಟ್ಟಿಯಲ್ಲಿ `Pad` ಮೇಲೆ ಎರಡು ಬಾರಿ ಒತ್ತಿ 20ನ್ನು 35 ಎಂದು ಬದಲಿಸಿದರೆ ತುಂಡು ಎತ್ತರವಾಗುತ್ತದೆ, ರಂಧ್ರವೂ ಅದರೊಂದಿಗೆ ತಳದವರೆಗೆ ಇಳಿಯುತ್ತದೆ. ರಂಧ್ರದ ಆಳವನ್ನು 20 ಎಂದು ಸಂಖ್ಯೆಯಲ್ಲಿ ಕೊಟ್ಟಿದ್ದರೆ, ತಳದಲ್ಲಿ 15 ಮಿ.ಮೀ. ಮರವು ಕೊರೆಯದೆ ಉಳಿಯುತ್ತಿತ್ತು. ಮೊದಲ ವಿಧಾನದಲ್ಲಿಯೂ ಇದೇ ತೊಡಕಿದೆ: ಆಯತಘನದ ಎತ್ತರವನ್ನು 35 ಮಾಡಿದಾಗ 24 ಮಿ.ಮೀ.ನ ಸಿಲಿಂಡರು ಮೇಲ್ಮುಖವನ್ನು ತಲಪುವುದಿಲ್ಲ. ಹಾಗಾಗಿ ಗಣಿತದ ಪಾಠದಲ್ಲಿ ‘ಇದರಿಂದ ಅದನ್ನು ಕಳೆದರೆ’ ಎಂಬುದನ್ನು ತೋರಿಸಲು `Part` ತಕ್ಕದ್ದು; ಅಳತೆಗಳನ್ನು ಬದಲಿಸುತ್ತ ಪರಿಶೀಲಿಸಲು `Part Design` ತಕ್ಕದ್ದು. ಆರಂಭದಲ್ಲಿ ಒಂದೇ ಕಡತದಲ್ಲಿ ಎರಡನ್ನೂ ಬೆರೆಸದಿರುವುದು ಲೇಸು. `Part`ನಲ್ಲಿ ಮಾಡಿದ ಘನವು ಯಾವ `Body`ಗೂ ಸೇರಿರುವುದಿಲ್ಲವಾದ್ದರಿಂದ ಅದರ ಮೇಲೆ ನೇರವಾಗಿ `Pocket` ನಡೆಯದು.

ಉತ್ತರದ ಪರಿಶೀಲನೆ

ಎರಡನೆಯ ಕಡತದಲ್ಲಿ ಎತ್ತರವನ್ನು ಮತ್ತೆ 20ಕ್ಕೆ ತಂದು, `View` ಪಟ್ಟಿಯ `Panels` ಎಂಬಲ್ಲಿ `Python console` ತೆರೆದು ಈ ಸಾಲನ್ನು ಬರೆಯಬೇಕು:

```
App.ActiveDocument.Body.Shape.Volume
```

ಮೊದಲ ಕಡತದಲ್ಲಾದರೆ `Body` ಇರುವಲ್ಲಿ `Cut` ಎಂದು ಬರೆಯಬೇಕು. ಎರಡರಲ್ಲಿಯೂ ಉತ್ತರವು ಸುಮಾರು 44921.24 ಘನ ಮಿ.ಮೀ. ಎಂದು ಬರುತ್ತದೆ. ಬೇರೆ ಬೇರೆ ಮೇಜುಗಳಲ್ಲಿ ಮಾಡಿದರೂ ವಸ್ತುವು ಒಂದೇ ಎಂಬುದಕ್ಕೆ ಇದು ಸಾಕ್ಷಿ.

ಆದರೆ ವಿದ್ಯಾರ್ಥಿಯ ನೋಟ್‌ಪುಸ್ತಕದಲ್ಲಿ ಉತ್ತರವು ಬೇರೆಯಾಗಿರುತ್ತದೆ. 60 × 40 × 20 = 48000; ರಂಧ್ರದ ಘನಫಲ 22/7 × 7 × 7 × 20 = 3080; ಉಳಿದದ್ದು 44920. ಯಂತ್ರವು ಹೇಳುವುದಕ್ಕೂ ಇದಕ್ಕೂ 1.24ರ ಅಂತರವಿದೆ. ಈ ಅಂತರವನ್ನು ತಂತ್ರಾಂಶದ ದೋಷವೆಂದೋ ವಿದ್ಯಾರ್ಥಿಯ ತಪ್ಪೆಂದೋ ಬದಿಗೆ ಸರಿಸಬಾರದು. 22/7 ಎಂಬುದು πಯ ನಿಜಬೆಲೆಗಿಂತ ತುಸು ದೊಡ್ಡದು. ಆದ್ದರಿಂದ ಅದನ್ನು ಬಳಸಿದಾಗ ರಂಧ್ರವು ತುಸು ದೊಡ್ಡದಾಗಿ, ಉಳಿಯುವ ಮರವು ತುಸು ಕಡಿಮೆಯಾಗಿ ಬರುತ್ತದೆ. π ಬೆಲೆಯನ್ನು 3.1416 ಎಂದು ತೆಗೆದುಕೊಂಡು ವಿದ್ಯಾರ್ಥಿಗಳೇ ಮತ್ತೆ ಲೆಕ್ಕ ಮಾಡಿದರೆ 44921.23 ಬರುತ್ತದೆ. ಅಂತರವು ಎಲ್ಲಿಂದ ಹುಟ್ಟಿತೆಂಬುದು ಅವರಿಗೇ ತಿಳಿಯುತ್ತದೆ.

ಅಭ್ಯಾಸ

1. ಎರಡನೆಯ ಕಡತದಲ್ಲಿ ಎತ್ತರವನ್ನು 35 ಮಾಡಿ ಘನಫಲವನ್ನು ಓದಿರಿ. ನೋಟ್‌ಪುಸ್ತಕದಲ್ಲಿ 22/7 ಬಳಸಿ ಲೆಕ್ಕ ಮಾಡಿ, ಅಂತರವು ಎಷ್ಟಕ್ಕೆ ಏರಿತು, ಏಕೆ ಏರಿತು ಎಂಬುದನ್ನು ವಿವರಿಸಿರಿ.

2. ಒಬ್ಬ ವಿದ್ಯಾರ್ಥಿಯ ಪರದೆಯಲ್ಲಿ ಘನಫಲವು 47230.31 ಎಂದು ಬಂದಿದೆ. ಆತನು `Part` ವರ್ಕ್‌ಬೆಂಚಿನಲ್ಲಿ ಯಾವ ಹೆಜ್ಜೆಯನ್ನು ಮರೆತಿರಬಹುದು? ಆಕೃತಿಯನ್ನು ನೋಡದೆ, ಲೆಕ್ಕದಿಂದಲೇ ಕಂಡುಹಿಡಿಯಿರಿ.